ತೋಟದ ಮನೆಗೆ ದಾರಿ ಹೇಳುವ ಕಾಗದ: ಗುರುತು, ಅಂಕಿ, ಪಿನ್

ನಮ್ಮ ಮನೆ ಕಾಸರಗೋಡು ಜಿಲ್ಲೆಯಲ್ಲಿ, ನೀರ್ಚಾಲಿನಿಂದ ಸ್ವಲ್ಪ ಒಳಗೆ. ಡಾಮರು ರಸ್ತೆಯಿಂದ ಮಣ್ಣಿನ ದಾರಿಯಲ್ಲಿ ಇಳಿದು ಬಂದರೆ ಮನೆ, ಮನೆಯ ಕೆಳಗೆ ಅಡಿಕೆ ತೋಟ, ತೋಟದ ಅಂಚಿನಲ್ಲಿ ತೋಡು. ತೋಡಿನ ಆಚೆ ದಡದಲ್ಲಿ ಇನ್ನೊಂದು ರಸ್ತೆ ಹೋಗುತ್ತದೆ. ಹೋದ ಮಳೆಗಾಲದಲ್ಲಿ ಚಿಕ್ಕಮ್ಮನ ಮನೆಯವರು ಕಾರಿನಲ್ಲಿ ಬಂದು ನಿಂತದ್ದು ಆ ಆಚೆ ದಡದಲ್ಲಿ. ಫೋನು ತಲುಪಿದಿರಿ ಅಂತ ಹೇಳಿತಂತೆ. ಅಲ್ಲಿಂದ ನಮ್ಮ ಮಾಡಿನ ಹಂಚು ಕಾಣುತ್ತದೆ, ಕೂಗಿದರೆ ಕೇಳುತ್ತದೆ. ಆದರೆ ನಡುವೆ ತೋಡು ತುಂಬಿ ಹರಿಯುತ್ತಿತ್ತು. ಅಡಿಕೆ ಮರದ ಕಾಲುಸಂಕ ನೀರಿನ ಮಟ್ಟಕ್ಕೆ ಬಂದಿತ್ತು. ಮಂಡಿನೋವಿನ ಚಿಕ್ಕಮ್ಮನನ್ನು ಅದರ ಮೇಲೆ ದಾಟಿಸುವುದು ಸಾಧ್ಯವೇ ಇರಲಿಲ್ಲ. ಅವರು ಕಾರು ತಿರುಗಿಸಿ, ಮತ್ತೆ ದೊಡ್ಡ ರಸ್ತೆಗೆ ಹೋಗಿ, ಐದು ಕಿ.ಮೀ. ಸುತ್ತಿ ಬಂದರು.

ತಪ್ಪು ನನ್ನದೇ. ನಾನು ಜಗಲಿಯಲ್ಲಿ ಕೂತು ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸಿದ್ದೆ. ಪಿನ್ ಸರಿಯಾಗಿ ಮನೆಯ ಮೇಲೆಯೇ ಇತ್ತು. ತೊಂದರೆ ಆದದ್ದು ಅದರಿಂದಲೇ. ಮ್ಯಾಪಿಗೆ ನಮ್ಮ ಮಣ್ಣಿನ ದಾರಿ ಗೊತ್ತಿಲ್ಲ. ಪಿನ್ನಿಗೆ ಹತ್ತಿರದ ರಸ್ತೆ ಯಾವುದು ಅಂತ ಅದು ನೋಡುತ್ತದೆ, ಆ ರಸ್ತೆಯ ಮೇಲೆ ಕರೆತಂದು ನಿಲ್ಲಿಸುತ್ತದೆ. ಹಕ್ಕಿ ಹಾರುವ ಲೆಕ್ಕದಲ್ಲಿ ನಮಗೆ ಹತ್ತಿರದ್ದು ಆಚೆ ದಡದ ರಸ್ತೆ. ನಡುವೆ ತೋಡು ಇದೆ ಅನ್ನುವುದು ಅದರ ಲೆಕ್ಕಕ್ಕೆ ಬರುವುದಿಲ್ಲ.

ಈಗ ತಂಗಿಯ ಮಗುವಿನ ನಾಮಕರಣಕ್ಕೆ ಶಿವಮೊಗ್ಗದಿಂದ ಮಾವ, ಅತ್ತೆ ಬರುವವರಿದ್ದಾರೆ. ಮಾವನಿಗೆ ಎಪ್ಪತ್ತು ದಾಟಿದೆ. ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದದ್ದನ್ನು ಓದಿ ನೆನಪಿಟ್ಟುಕೊಳ್ಳುವವರು. ಕಾರು ಬಿಡುವವನು ಬಾಡಿಗೆ ಡ್ರೈವರ್, ಅವನಿಗೆ ಬೇಕಾದದ್ದು ಪಿನ್. ಹಾಗಾಗಿ ಕಾಗದದಲ್ಲಿ ಗುರುತುಗಳೂ ಇರಬೇಕು, ಅಕ್ಷಾಂಶ ರೇಖಾಂಶದ ಅಂಕಿಗಳೂ ಇರಬೇಕು, ಲಿಂಕೂ ಬೇರೆ ಹೋಗಬೇಕು. ಆ ಕಾಗದವನ್ನು ನಾನು ಹೇಗೆ ತಯಾರು ಮಾಡಿದೆ ಅಂತ ಒಂದೊಂದಾಗಿ ಹೇಳುತ್ತೇನೆ. ಅಡಿಕೆ ತೋಟದ ನಡುವೆ ಮನೆ ಇರುವ ಯಾರಿಗಾದರೂ ಇದೇ ಕ್ರಮ ಸಾಕು.

ಮೊದಲು ನೀವೇ ಒಮ್ಮೆ ಬನ್ನಿ, ಅವರು ಬರುವ ಕಡೆಯಿಂದ

ಮನೆಯಲ್ಲಿ ಕೂತು ದಾರಿ ಬರೆಯಬೇಡಿ. ನಾವು ದಿನಾ ಮನೆಯಿಂದ ಪೇಟೆಗೆ ಹೋಗುವವರು. ನಮ್ಮ ತಲೆಯಲ್ಲಿರುವ ದಾರಿ ಹೊರಗೆ ಹೋಗುವ ದಾರಿ. ಬರುವವರಿಗೆ ಎಲ್ಲ ಎಡ ಬಲ ಅದಲು ಬದಲು. ಹೊರಟು ಹೋಗುವಾಗ ಚೆನ್ನಾಗಿ ಕಾಣುವ ಕಟ್ಟೆ, ಬರುವಾಗ ತಿರುವಿನ ಹಿಂದೆ ಅಡಗಿರುತ್ತದೆ.

ಅದಕ್ಕೂ ಮುಂಚೆ, ಅವರು ಯಾವ ಕಡೆಯಿಂದ ಬರುತ್ತಾರೆ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ನಮ್ಮ ಕಡೆಗೆ ಮಂಗಳೂರು, ತಲಪಾಡಿ, ಕುಂಬಳೆ ಮೇಲೆ ಬರಬಹುದು. ಸುಳ್ಯದ ಕಡೆಯಿಂದಾದರೆ ಮುಳ್ಳೇರಿಯ, ಬದಿಯಡ್ಕ ಮೇಲೆ ಬರುತ್ತಾರೆ. ಕುಂಬಳೆಯಿಂದ ಬರುವವರಿಗೆ ಎಡಕ್ಕೆ ಸಿಗುವ ನಮ್ಮ ಕ್ರಾಸ್, ಬದಿಯಡ್ಕದಿಂದ ಬರುವವರಿಗೆ ಬಲಕ್ಕೆ. ಎರಡನ್ನೂ ಒಂದೇ ಕಾಗದದಲ್ಲಿ ತುಂಬಿಸಿದರೆ ಓದುವವರಿಗೆ ಗೊಂದಲ. ಮಾವ ಮಂಗಳೂರಿನಲ್ಲಿ ಊಟ ಮುಗಿಸಿ ಹೊರಡುವುದಾಗಿ ಹೇಳಿದರು. ಹಾಗಾಗಿ ಕುಂಬಳೆಯ ದಾರಿ ಮಾತ್ರ ಬರೆದೆ.

ನಾನು ಬೈಕಿನಲ್ಲಿ ಕುಂಬಳೆಯವರೆಗೆ ಹೋಗಿ, ಅಲ್ಲಿಂದ ತಿರುಗಿ, ಊರು ಗೊತ್ತಿಲ್ಲದವನ ಹಾಗೆ ನಿಧಾನ ಬಂದೆ. ನೀರ್ಚಾಲು ಪೇಟೆಯ ಬಸ್ ತಂಗುದಾಣದ ಎದುರು ಟ್ರಿಪ್ ಮೀಟರ್ ಸೊನ್ನೆ ಮಾಡಿದೆ. ದೂರ ಅಳೆಯುವುದನ್ನು ಹೀಗೆ ಕೊನೆಯ ಪೇಟೆಯಿಂದ ಶುರು ಮಾಡುವುದು ಒಳ್ಳೆಯದು. ಕುಂಬಳೆಯಿಂದಲೇ ಅಳೆದರೆ, ನಡುವೆ ಎಲ್ಲೋ ಚಹಾಕ್ಕೆ ನಿಲ್ಲಿಸಿ ಆಚೀಚೆ ಹೋದರೂ ಲೆಕ್ಕ ತಪ್ಪುತ್ತದೆ. ನೀರ್ಚಾಲಿನಿಂದ ನಮ್ಮ ಕ್ರಾಸಿಗೆ 1.2 ಕಿ.ಮೀ. ಬಂತು. ಕ್ರಾಸಿನಿಂದ ನಮ್ಮ ಗೇಟಿಗೆ 1.9 ಕಿ.ಮೀ. ಗೇಟಿನಿಂದ ಅಂಗಳಕ್ಕೆ ಮಣ್ಣಿನ ದಾರಿ ಸುಮಾರು 180 ಮೀಟರ್. ಮನೆಯಲ್ಲಿ ಎಲ್ಲರೂ ಕ್ರಾಸಿನಿಂದ ಒಂದು ಕಿ.ಮೀ. ಅಂತಲೇ ಹೇಳುತ್ತಿದ್ದೆವು. ಅಳೆದು ನೋಡಿದರೆ ಹತ್ತಿರ ಹತ್ತಿರ ಎರಡು. ಹೊಸಬರು ಒಂದು ಕಿ.ಮೀ. ಆದ ಕೂಡಲೇ ಹುಡುಕಲು ಶುರು ಮಾಡಿ ಸಿಕ್ಕಿದ ಗೇಟಿಗೆ ನುಗ್ಗುತ್ತಾರೆ, ಅಲ್ವಾ?

ಯಾವ ಗುರುತು ಹೇಳಬೇಕು

ಗುರುತು ಒಳ್ಳೆಯದೋ ಅಲ್ಲವೋ ಅಂತ ನೋಡಲು ನನಗೆ ಮೂರು ಪ್ರಶ್ನೆ ಸಾಕು. ಅದು ಮುಂದಿನ ತಿಂಗಳೂ ಅಲ್ಲೇ ಇರುತ್ತದಾ? ತಿರುವಿಗೆ ಮೊದಲೇ ಕಾರಿನೊಳಗಿಂದ ಕಾಣುತ್ತದಾ? ಆ ರಸ್ತೆಯಲ್ಲಿ ಅಂಥದ್ದು ಅದೊಂದೇನಾ?

ನಮ್ಮ ಕ್ರಾಸಿಗೆ ಎಲ್ಲರೂ ಹೇಳುವ ಗುರುತು ಹಲಸಿನ ಮರ. ಆದರೆ ನೀರ್ಚಾಲಿನಿಂದ ಅಲ್ಲಿಗೆ ಬರುವಷ್ಟರಲ್ಲಿ ರಸ್ತೆ ಬದಿಯಲ್ಲಿ ಏಳು ಹಲಸಿನ ಮರ ಎಣಿಸಿದೆ. ಫ್ಲೆಕ್ಸ್ ಬೋರ್ಡ್ ಗುರುತು ಹೇಳಲೇಬಾರದು, ಜಾತ್ರೆ ಮುಗಿದ ಮರುದಿನ ಅದು ಇರುವುದಿಲ್ಲ. ಮೊಬೈಲ್ ಟವರ್ ದೂರದಿಂದ ಕಾಣುತ್ತದೆ, ಆದರೆ ಹತ್ತಿರ ಬಂದಾಗ ಮರಗಳ ಹಿಂದೆ ಮರೆಯಾಗುತ್ತದೆ. ಅಂಗಡಿಯ ಗುರುತು ಹೇಳುವುದಾದರೆ ಮಾಲೀಕನ ಹೆಸರು ಬೇಡ. ಅದು ನಮಗೆ ಮಾತ್ರ ಗೊತ್ತು, ಬೋರ್ಡಿನಲ್ಲಿ ಇರುವುದಿಲ್ಲ. ಮಾವ ಸಂಜೆ ಬರುವುದಾದರೆ ಅಂಗಡಿ ಬಾಗಿಲು ಹಾಕಿದಾಗ ಹೇಗೆ ಕಾಣುತ್ತದೆ ಅಂತಲೂ ಯೋಚಿಸಬೇಕು.

ಕೊನೆಗೆ ನಾನು ಆರಿಸಿದ್ದು ಕ್ರಾಸಿನ ಎದುರಿನ ಭಜನಾಮಂದಿರ. ರಸ್ತೆಯ ಬಲಬದಿಯಲ್ಲಿ ಎತ್ತರದಲ್ಲಿದೆ, ಮುರಕಲ್ಲಿನ ಮೆಟ್ಟಿಲುಗಳಿವೆ, ರಾತ್ರಿ ದೀಪ ಇರುತ್ತದೆ. ಕ್ರಾಸಿಗೆ ನೂರು ಮೀಟರ್ ಮೊದಲೇ ಒಂದು ಮೋರಿ ಇದೆ, ಎರಡೂ ಬದಿಗೆ ಸುಣ್ಣ ಬಳಿದ ಗಿಡ್ಡ ಗೋಡೆ. ಮೋರಿ ದಾಟಿದ ಕೂಡಲೇ ವೇಗ ಕಡಿಮೆ ಮಾಡಿ ಅಂತ ಬರೆದರೆ ಡ್ರೈವರನಿಗೆ ಮೊದಲೇ ಸುಳಿವು ಸಿಗುತ್ತದೆ. ತಿರುವಿನಲ್ಲೇ ಇರುವ ಗುರುತಿಗಿಂತ ಮೊದಲು ಸಿಗುವ ಗುರುತು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಸಾಲು ಬಹಳ ಜನ ಬರೆಯುವುದಿಲ್ಲ. ದಾಟಿ ಹೋದರೆ ಗೊತ್ತಾಗುವುದು ಹೇಗೆ? ನಮ್ಮ ಗೇಟು ದಾಟಿ ಮುಂದೆ ಹೋದರೆ ರಸ್ತೆ ಚಡಾವು ಹತ್ತಿ ಮುರಕಲ್ಲಿನ ಕೋರೆಯ ಹತ್ತಿರ ಬರುತ್ತದೆ. ಕಡಿದ ಕೆಂಪು ಕಲ್ಲಿನ ಗೋಡೆ ಕಂಡರೆ ನೀವು ದಾಟಿ ಬಂದಿದ್ದೀರಿ, ತಿರುಗಿಸಿ. ಈ ಒಂದು ಸಾಲು ಇಲ್ಲದಿದ್ದರೆ ಜನ ಪದವಿನ ಮೇಲೆ ಮೂರು ನಾಲ್ಕು ಕಿ.ಮೀ. ಹೋಗಿಬಿಡುತ್ತಾರೆ. ಆಮೇಲೆ ಅಲ್ಲಿಂದ ಫೋನು.

ಹಾಗೇ ನೆಂಟರ ಹಳೆಯ ನೆನಪನ್ನೂ ಗಮನಿಸಿ. ಮಾವ ಇಪ್ಪತ್ತು ವರ್ಷದ ಹಿಂದೆ ಬಂದವರು. ಆಗ ಗೇರು ಗುಡ್ಡೆಯ ಮೇಲಿಂದ ಕಾಲುದಾರಿ ಇತ್ತು. ಅವರ ಮನಸ್ಸಿನಲ್ಲಿ ಇರುವುದು ಆ ದಾರಿ. ಅದು ಈಗ ಇಲ್ಲ ಅಂತ ಮೊದಲ ಸಾಲುಗಳಲ್ಲೇ ಹೇಳದಿದ್ದರೆ, ಕಾರಿನೊಳಗೆ ಕೂತು ನಂಬಿಕೆಯಿಂದ ತಪ್ಪು ದಾರಿ ತೋರಿಸುತ್ತಾರೆ.

ಹೆಸರುಗಳ ವಿಷಯ. ನಮ್ಮಲ್ಲಿ ಬೋರ್ಡುಗಳಲ್ಲಿ ಮಲಯಾಳ ದೊಡ್ಡದಾಗಿರುತ್ತದೆ, ಇಂಗ್ಲಿಷ್ ಇರುತ್ತದೆ, ಕನ್ನಡ ಎಲ್ಲ ಕಡೆ ಇರುವುದಿಲ್ಲ. ನಾವು ಕುಂಬಳೆ ಅನ್ನುವುದು ಮ್ಯಾಪಿನಲ್ಲಿ Kumbla. ಹಾಗಾಗಿ ಕಾಗದದಲ್ಲಿ ಒಂದೊಂದು ಊರಿನ ಹೆಸರಿನ ಪಕ್ಕ ಬೋರ್ಡಿನಲ್ಲಿ ಕಾಣುವ ಇಂಗ್ಲಿಷ್ ಅಕ್ಷರವನ್ನೂ ಬರೆಯಿರಿ. ದಾರಿ ಕೇಳುವಾಗ ಮಲಯಾಳದಲ್ಲಿ ಉತ್ತರ ಬರಬಹುದು. ‘ವಲತ್ತ್’ ಅಂದರೆ ಬಲ, ‘ಇಡತ್ತ್’ ಅಂದರೆ ಎಡ, ‘ನೇರೆ’ ಅಂದರೆ ನೇರ. ಈ ಮೂರು ಶಬ್ದ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ. ನಾವು ಮಾತಾಡುವಾಗ ತೆಂಕು, ಬಡಗು ಅನ್ನುತ್ತೇವೆ. ಕಾಗದದಲ್ಲಿ ಅದು ಬೇಡ. ತಿರುವುಗಳ ರಸ್ತೆಯಲ್ಲಿ ಕಾರಿನೊಳಗೆ ಕೂತವರಿಗೆ ತೆಂಕು ಯಾವುದು ಅಂತ ಹೇಗೆ ಗೊತ್ತಾಗಬೇಕು?

ಅಂಕಿ ತೆಗೆಯುವುದು

ಇಲ್ಲಿ ಕೊಡುವ ಅಂಕಿಗಳು ನಮ್ಮ ಮನೆಯವಲ್ಲ, ಲೆಕ್ಕ ತೋರಿಸಲು ಹಾಕಿದ್ದು. ಕ್ರಮ ಮಾತ್ರ ನಾನು ಮಾಡಿದ್ದೇ.

ಮೊದಲ ನಿರ್ಧಾರ, ಎಲ್ಲಿ ನಿಂತು ಅಂಕಿ ತೆಗೆಯಬೇಕು ಅನ್ನುವುದು. ಮನೆಯಲ್ಲಿ ಅಲ್ಲ. ಮಣ್ಣಿನ ದಾರಿ ಡಾಮರು ರಸ್ತೆಯನ್ನು ಸೇರುವ ಬಾಯಿಯಲ್ಲಿ, ಅಂದರೆ ಗೇಟಿನ ಎದುರು, ರಸ್ತೆಯ ಅಂಚಿನಲ್ಲಿ. ಅಲ್ಲಿ ಪಿನ್ ಹಾಕಿದರೆ ಹತ್ತಿರದ ರಸ್ತೆ ಅದೇ ಆಗಿರುತ್ತದೆ. ಮ್ಯಾಪಿಗೆ ಬೇರೆ ದಡಕ್ಕೆ ಕರೆದೊಯ್ಯಲು ಕಾರಣವೇ ಇರುವುದಿಲ್ಲ. ಗೇಟಿನಿಂದ ಒಳಗಿನ 180 ಮೀಟರಿಗೆ ಮಾತು ಸಾಕು.

ಗೇಟಿನ ಹತ್ತಿರ ಮೇಲೆ ಆಕಾಶ ತೆರೆದಿರುವ ಜಾಗ ನೋಡಿ ನಿಲ್ಲಿ. ಬಯಲಿನಲ್ಲಿ ಫೋನಿನ ಜಿಪಿಎಸ್ ಸಾಮಾನ್ಯವಾಗಿ ಐದಾರು ಮೀಟರಿನೊಳಗೆ ಸರಿ ಇರುತ್ತದೆ. ದಟ್ಟ ತೋಟದೊಳಗೆ, ಗುಡ್ಡೆಯ ಬುಡದಲ್ಲಿ ಉಪಗ್ರಹದ ಸಂಕೇತ ಸರಿಯಾಗಿ ಸಿಗದೆ ಅದು ಹತ್ತಿಪ್ಪತ್ತು ಮೀಟರ್ ಆಚೀಚೆ ಆಗಬಹುದು. ಗೂಗಲ್ ಮ್ಯಾಪ್ ತೆರೆದಾಗ ನೀವಿರುವಲ್ಲಿ ನೀಲಿ ಚುಕ್ಕೆ, ಅದರ ಸುತ್ತ ತಿಳಿ ನೀಲಿ ವೃತ್ತ ಕಾಣುತ್ತದೆ. ವೃತ್ತ ದೊಡ್ಡದಿದ್ದರೆ ಫೋನಿಗೇ ಇನ್ನೂ ಖಚಿತ ಇಲ್ಲ ಅಂತ ಅರ್ಥ. ಒಂದೆರಡು ನಿಮಿಷ ಅಲ್ಲಾಡದೆ ನಿಂತರೆ ಅದು ಸಣ್ಣದಾಗುತ್ತದೆ. ಆಮೇಲೆ ಉಪಗ್ರಹದ ಚಿತ್ರ ತೆರೆದು, ಗೇಟಿನ ಜಾಗ ಗುರುತಿಸಿ, ರಸ್ತೆಯ ಮೇಲೆ ಬೆರಳು ಒತ್ತಿ ಹಿಡಿಯಿರಿ. ಕೆಂಪು ಪಿನ್ ಬೀಳುತ್ತದೆ. ಕೆಳಗೆ ಅಥವಾ ಹುಡುಕುವ ಪೆಟ್ಟಿಗೆಯಲ್ಲಿ ಎರಡು ಅಂಕಿ ಬರುತ್ತದೆ:

```
12.59253, 75.05412
```

ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಈ ಕ್ರಮ ತಪ್ಪಬಾರದು. ನಮ್ಮ ಕಡೆ ನೆನಪಿಡಲು ಸುಲಭ, ಮೊದಲು ಹನ್ನೆರಡು, ಆಮೇಲೆ ಎಪ್ಪತ್ತೈದು. ತಿರುಗಾ ಮುರುಗಾ ಮಾಡಿ 75 ಮೊದಲು ಹಾಕಿದರೆ ಪಿನ್ ನಾರ್ವೆಗಿಂತಲೂ ಉತ್ತರಕ್ಕೆ ಸಮುದ್ರದಲ್ಲಿ ಬೀಳುತ್ತದೆ. ಅದು ತಪ್ಪು ಅಂತ ಕೂಡಲೇ ಗೊತ್ತಾಗುವ ತಪ್ಪು. ಗೊತ್ತಾಗದ ತಪ್ಪುಗಳದ್ದೇ ಕಷ್ಟ.

ಅದರಲ್ಲಿ ಒಂದು, ಡಿಗ್ರಿ ನಿಮಿಷ ಸೆಕೆಂಡ್ ಲೆಕ್ಕದ್ದು. ಇದೇ ಜಾಗವನ್ನು ಕೆಲವು ಆಪ್‌ಗಳು 12°35'33.1"N 75°03'14.8"E ಅಂತ ತೋರಿಸುತ್ತವೆ. ಎರಡೂ ಒಂದೇ ಜಾಗ. ಒಂದು ಡಿಗ್ರಿಗೆ 60 ನಿಮಿಷ, ಒಂದು ನಿಮಿಷಕ್ಕೆ 60 ಸೆಕೆಂಡ್. ಇದನ್ನು ನೋಡಿ ಚಿಹ್ನೆಗಳನ್ನು ಬಿಟ್ಟು 12.3533, 75.0314 ಅಂತ ಬರೆದುಕೊಂಡರೆ ಪಿನ್ 26 ಕಿ.ಮೀ.ಗಿಂತ ಜಾಸ್ತಿ ಆಚೆ, ಬೇಕಲ ಕೋಟೆಯೂ ದಾಟಿ ಕಡಲ ಬದಿಗೆ ಹೋಗುತ್ತದೆ. ಅಂಕಿ ನೋಡಲು ನಮ್ಮ ಕಡೆಯದ್ದೇ ಹಾಗೆ ಇರುತ್ತದೆ. ಅದಕ್ಕೇ ಯಾರಿಗೂ ಸಂಶಯ ಬರುವುದಿಲ್ಲ. ಕಾಗದಕ್ಕೆ ಬರೀ ಚುಕ್ಕೆ ಇರುವ ರೂಪವನ್ನೇ ಬಳಸಿ.

ಚುಕ್ಕೆಯ ನಂತರ ಎಷ್ಟು ಅಂಕಿ ಬೇಕು? ಮೂರನೆಯ ಅಂಕಿ ಒಂದು ಆಚೀಚೆ ಆದರೆ ಸುಮಾರು 110 ಮೀಟರ್, ನಾಲ್ಕನೆಯದಾದರೆ 11 ಮೀಟರ್, ಐದನೆಯದಾದರೆ ಬರೀ ಒಂದು ಮೀಟರ್ ಚಿಲ್ಲರೆ ವ್ಯತ್ಯಾಸ. ಐದು ಅಂಕಿ ಸಾಕು. ಫೋನು ಆರೇಳು ಅಂಕಿ ತೋರಿಸಿದರೂ ಉಳಿದದ್ದನ್ನು ಬಿಡಿ, ಕೈಯಲ್ಲಿ ಬರೆಯುವಾಗ ತಪ್ಪುವುದು ಜಾಸ್ತಿ ಅಷ್ಟೆ. ಆದರೆ ಮೂರಕ್ಕೆ ನಿಲ್ಲಿಸಬೇಡಿ. ನಮ್ಮ ಗೇಟಿನಿಂದ ಮನೆಗೆ ನೇರ ಗೆರೆ ಎಳೆದರೆ ಸುಮಾರು 110 ಮೀಟರ್. ಮೂರೇ ಅಂಕಿ ಬರೆದರೆ ಪಿನ್ ಮನೆಯ ಕಡೆಗೋ ಪಕ್ಕದವರ ಗೇಟಿಗೋ ಜಾರಬಹುದು.

ಬರೆಯುವಾಗ ಇನ್ನೊಂದು ಎಚ್ಚರ. ಕಾಗದ ಕನ್ನಡದಲ್ಲಿದ್ದರೂ ಈ ಅಂಕಿಗಳನ್ನು ಕನ್ನಡ ಅಂಕಿಯಲ್ಲಿ ಬರೆಯಬೇಡಿ. ಡ್ರೈವರನ ಫೋನಿನಲ್ಲಿ ಅವನು ಒತ್ತುವುದು 1, 2, 5. ಅವನಿಗೆ ಕನ್ನಡ ಅಂಕಿ ಓದಲು ಬರುತ್ತದೋ ಇಲ್ಲವೋ. ಒಂದಕ್ಕೂ ಏಳಕ್ಕೂ ವ್ಯತ್ಯಾಸ ಕಾಣುವ ಹಾಗೆ ದೊಡ್ಡದಾಗಿ, ಎರಡು ಸಾಲಿನಲ್ಲಿ ಬೇರೆ ಬೇರೆ ಬರೆಯಿರಿ. ಬರೆದ ಮೇಲೆ ಕಾಗದ ನೋಡಿಕೊಂಡೇ ಇನ್ನೊಂದು ಫೋನಿನಲ್ಲಿ ಒತ್ತಿ ನೋಡಿ. ನಿಮ್ಮ ನೆನಪಿನಿಂದ ಅಲ್ಲ, ಕಾಗದದಿಂದ.

ನಾನು ಗೇಟಿನ ಅಂಕಿ ಅಲ್ಲದೆ ದೊಡ್ಡ ರಸ್ತೆಯ ಕ್ರಾಸಿನ ಅಂಕಿಯನ್ನೂ ತೆಗೆದೆ. ನಿಜವಾಗಿ ದಾರಿ ತಪ್ಪುವುದು ಅಲ್ಲೇ. ಚಿಕ್ಕಮ್ಮನ ಕಾರು ಮುಂದಿನ ಕ್ರಾಸಿನಲ್ಲಿ ತಿರುಗಿದ್ದರಿಂದ ಆಚೆ ದಡಕ್ಕೆ ಹೋದದ್ದು.

ಲಿಂಕ್ ಕಳಿಸುವುದು

ಪಿನ್ ಹಾಕಿ Share ಒತ್ತಿದರೆ maps.app.goo.gl ಅಂತ ಶುರುವಾಗುವ ಚಿಕ್ಕ ಲಿಂಕ್ ಬರುತ್ತದೆ. ಅದನ್ನು ಕಾಗದದಲ್ಲಿ ಬರೆಯಬೇಡಿ. ಅದರ ಕೊನೆಯಲ್ಲಿ ದೊಡ್ಡ ಅಕ್ಷರ ಚಿಕ್ಕ ಅಕ್ಷರ ಬೆರೆತಿರುತ್ತದೆ, ಒಂದು ಅಕ್ಷರ ತಪ್ಪಿದರೂ ತೆರೆಯುವುದಿಲ್ಲ. ಕೈಬರಹದಲ್ಲಿ ಸೊನ್ನೆ ಯಾವುದು, O ಯಾವುದು ಅಂತ ಹೇಳುವುದು ಕಷ್ಟ. ಲಿಂಕ್ ವಾಟ್ಸಾಪಿನಲ್ಲಿ ಹೋಗಲಿ, ಅಂಕಿ ಕಾಗದದಲ್ಲಿ ಹೋಗಲಿ.

ಚಿಕ್ಕ ಲಿಂಕಿಗಿಂತ ನನಗೆ ಅಂಕಿಯಿಂದ ನಾವೇ ಕಟ್ಟಿದ ಲಿಂಕ್ ಮೇಲು. ಅದರೊಳಗೆ ಏನಿದೆ ಅಂತ ಕಣ್ಣಿಗೆ ಕಾಣುತ್ತದೆ, ಕಾಗದದ ಅಂಕಿಗೆ ತಾಳೆ ನೋಡಬಹುದು.

```
https://www.google.com/maps/dir/?api=1&destination=12.59253,75.05412
```

ಇದನ್ನು ಒತ್ತಿದರೆ ಒತ್ತಿದವರು ಇರುವ ಜಾಗದಿಂದ ಗೇಟಿನವರೆಗೆ ದಾರಿ ತೆರೆಯುತ್ತದೆ. ಅಂಕಿಗಳ ನಡುವೆ ಅಲ್ಪವಿರಾಮ ಮಾತ್ರ ಇರಲಿ, ಜಾಗ ಬಿಡಬೇಡಿ. ಜಾಗ ಬಿಟ್ಟರೆ ವಾಟ್ಸಾಪಿನಲ್ಲಿ ಲಿಂಕ್ ಅಲ್ಲಿಗೇ ತುಂಡಾಗುತ್ತದೆ, ಬರೀ 12.59253 ಉಳಿಯುತ್ತದೆ.

ವಾಟ್ಸಾಪಿನ ಲೊಕೇಶನ್ ಕಳಿಸುವುದಾದರೆ ಗೇಟಿನ ಎದುರು ನಿಂತೇ ಕಳಿಸಿ. ಅದರಲ್ಲಿ ಎರಡು ಬಗೆ ಇದೆ. Send your current location ನೀವು ಆ ಹೊತ್ತಿಗೆ ಇದ್ದ ಜಾಗವನ್ನು ಕಳಿಸುತ್ತದೆ, ಅದು ಹಾಗೇ ಉಳಿಯುತ್ತದೆ. Share live location ನಿಮ್ಮ ಜೊತೆ ಓಡಾಡುತ್ತದೆ, 15 ನಿಮಿಷ, ಒಂದು ಗಂಟೆ ಅಥವಾ 8 ಗಂಟೆ ಆದ ಮೇಲೆ ನಿಲ್ಲುತ್ತದೆ. ನೆಂಟರಿಗೆ ಲೈವ್ ಕಳಿಸಿ ನೀವು ಬಾಳೆಎಲೆ ತರಲು ಬದಿಯಡ್ಕಕ್ಕೆ ಹೋದರೆ ಅವರೂ ಬದಿಯಡ್ಕಕ್ಕೆ ಬರುತ್ತಾರೆ. ಬದಲಿಗೆ, ಬರುವವರೇ ನಿಮಗೆ ಲೈವ್ ಕಳಿಸಲಿ. ಎಲ್ಲಿ ತಲುಪಿದರು ಅಂತ ನಿಮಗೆ ಕಾಣುತ್ತದೆ, ಹೊತ್ತಿಗೆ ಸರಿಯಾಗಿ ಗೇಟಿಗೆ ಹೋಗಿ ನಿಲ್ಲಬಹುದು.

ನೆಟ್‌ವರ್ಕ್ ಇಲ್ಲದ ಕೊನೆಯ ಎರಡು ಕಿ.ಮೀ.

ಕ್ರಾಸಿನಿಂದ ಒಳಗೆ ಬಂದರೆ ರಸ್ತೆ ಬೈಲಿಗೆ ಇಳಿಯುತ್ತದೆ. ಅಲ್ಲಿ ನೆಟ್‌ವರ್ಕ್ ಇಲ್ಲ. ಜಿಪಿಎಸ್ ಉಪಗ್ರಹದಿಂದ ಬರುವುದರಿಂದ ನೀಲಿ ಚುಕ್ಕೆ ಆಗಲೂ ಸರಿಯಾಗಿ ಓಡುತ್ತದೆ. ಆದರೆ ಮ್ಯಾಪಿನ ಚಿತ್ರ ಬರಲು ಇಂಟರ್ನೆಟ್ ಬೇಕು. ಮೊದಲೇ ದಾರಿ ಹಾಕಿಕೊಂಡು ಬಂದರೆ ಅದು ಸಾಮಾನ್ಯವಾಗಿ ಉಳಿಯುತ್ತದೆ. ನಡುವೆ ತಪ್ಪಾಗಿ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ. ಹೊರಡುವ ಮೊದಲು ಮನೆಯ ವೈಫೈಯಲ್ಲಿ Offline maps ಒತ್ತಿ ಕುಂಬಳೆಯಿಂದ ಬದಿಯಡ್ಕದವರೆಗಿನ ಚೌಕ ಇಳಿಸಿಕೊಳ್ಳಲು ಹೇಳಿ. ಮಾವನ ಮೊಮ್ಮಗ ಅದನ್ನು ಮಾಡಿಕೊಟ್ಟ. ಕಾಗದದಲ್ಲಿ ನೆಟ್‌ವರ್ಕ್ ಎಲ್ಲಿಯವರೆಗೆ ಸಿಗುತ್ತದೆ ಅಂತಲೂ ಬರೆದು, ಅಲ್ಲಿಂದಲೇ ಫೋನು ಮಾಡಲು ಹೇಳಬೇಕು.

ಕಾಗದ

ಇಷ್ಟೆಲ್ಲ ಆದ ಮೇಲೆ ಬರೆದ ಕಾಗದ ಹೀಗಿದೆ. ದಾರಿಯನ್ನೆಲ್ಲ ಒಂದೇ ಮಗ್ಗುಲಿನಲ್ಲಿ ಬರೆದೆ, ಕಾರಿನಲ್ಲಿ ಪುಟ ತಿರುಗಿಸುವ ಕೆಲಸ ಇರಬಾರದು ಅಂತ.

ತೀರ್ಥರೂಪು ಸಮಾನರಾದ ಮಾವನಿಗೆ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀವೂ ಅತ್ತೆಯೂ ನಾಮಕರಣದ ಹಿಂದಿನ ದಿನವೇ ಬರುತ್ತೀರಿ ಅಂತ ಕೇಳಿ ಅಮ್ಮನಿಗೆ ತುಂಬಾ ಸಂತೋಷವಾಗಿದೆ. ಮಾವ, ಮೊದಲು ನೀವು ಬರುತ್ತಿದ್ದ ಗೇರು ಗುಡ್ಡೆಯ ದಾರಿ ಈಗ ಇಲ್ಲ. ದಯವಿಟ್ಟು ಕೆಳಗೆ ಬರೆದ ಹಾಗೆಯೇ ಬನ್ನಿ.

ಮಂಗಳೂರಿನಿಂದ ತಲಪಾಡಿ (Talapady) ದಾಟಿ ಹೆದ್ದಾರಿ 66ರಲ್ಲಿ ನೇರ ಬನ್ನಿ. ರಸ್ತೆ ಈಗ ಆರು ಪಥ ಆಗಿದೆ. ಕುಂಬಳೆ (Kumbla) ಹತ್ತಿರ ಬಂದಾಗ ಎಡದ ಸರ್ವಿಸ್ ರಸ್ತೆಗೆ ಇಳಿಯಲೇಬೇಕು, ಇಲ್ಲದಿದ್ದರೆ ಪೇಟೆ ತಪ್ಪಿ ಕಾಸರಗೋಡಿನ ಕಡೆ ಹೋಗುತ್ತೀರಿ. ಕುಂಬಳೆಯಲ್ಲಿ ಎಡಕ್ಕೆ ತಿರುಗಿ ಬದಿಯಡ್ಕ (Badiadka) ರಸ್ತೆ ಹಿಡಿಯಿರಿ. ದಾರಿಯಲ್ಲಿ ಸೀತಾಂಗೋಳಿ (Seethangoli) ಸಿಗುತ್ತದೆ. ಅಲ್ಲಿಯೂ ಬದಿಯಡ್ಕ ಅಂತ ಇರುವ ರಸ್ತೆಯೇ.

ಆಮೇಲೆ ನೀರ್ಚಾಲು (Neerchal) ಪೇಟೆ. ಇಲ್ಲಿ ನೆಟ್‌ವರ್ಕ್ ಚೆನ್ನಾಗಿದೆ. ಬಸ್ ತಂಗುದಾಣದ ಹತ್ತಿರ ನಿಲ್ಲಿಸಿ ನನಗೆ ಫೋನು ಮಾಡಿ. ಅಲ್ಲಿಂದ ನಾನು ಗೇಟಿಗೆ ಹೊರಡುತ್ತೇನೆ. ಡ್ರೈವರನಿಗೆ ಮೀಟರ್ ಸೊನ್ನೆ ಮಾಡಲು ಹೇಳಿ.

ಒಂದು ಕಿ.ಮೀ. ಆದ ಮೇಲೆ ಎರಡೂ ಬದಿ ಸುಣ್ಣ ಬಳಿದ ಮೋರಿ. ಅದನ್ನು ದಾಟಿ ನಿಧಾನ ಮಾಡಿ. 1.2 ಕಿ.ಮೀ.ಗೆ ಬಲಕ್ಕೆ ಎತ್ತರದಲ್ಲಿ ಭಜನಾಮಂದಿರ, ಕೆಂಪು ಕಲ್ಲಿನ ಮೆಟ್ಟಿಲು. ಅದರ ಎದುರು ಎಡಕ್ಕೆ ತಿರುಗಿ. ಫೋನು ಮುಂದಿನ ಕ್ರಾಸ್ ಅಂತ ಹೇಳಿದರೂ ಹೋಗಬೇಡಿ, ಅದು ತೋಡಿನ ಆಚೆ ದಡಕ್ಕೆ ಹೋಗುವ ದಾರಿ.

ತಿರುಗಿದ ಮೇಲೆ 1.9 ಕಿ.ಮೀ. ನೇರ. ರಸ್ತೆ ಇಳಿಯುತ್ತದೆ, ಎಡಕ್ಕೆ ಗದ್ದೆ ಬೈಲು ಕಾಣುತ್ತದೆ. ಗದ್ದೆ ಮುಗಿದ ಕೂಡಲೇ ಬಲಕ್ಕೆ ನೀಲಿ ಕಬ್ಬಿಣದ ಗೇಟು, ಪಕ್ಕದಲ್ಲಿ ಹಾಲಿನ ಪಾತ್ರೆ ಇಡುವ ಸಿಮೆಂಟ್ ಕಟ್ಟೆ. ಅದೇ ನಮ್ಮ ಗೇಟು. ಅದನ್ನು ದಾಟಿ ಚಡಾವು ಹತ್ತಿ ಕಲ್ಲಿನ ಕೋರೆ ಕಂಡರೆ ತಿರುಗಿಸಿ ಬನ್ನಿ.

ಗೇಟಿನ ಅಂಕಿ:
12.59253
75.05412

ಇದೇ ಅಂಕಿಯ ಲಿಂಕನ್ನು ನಿಮ್ಮ ಫೋನಿಗೂ ಮೊಮ್ಮಗನ ಫೋನಿಗೂ ಕಳಿಸಿದ್ದೇನೆ. ಕ್ರಾಸಿನ ಅಂಕಿಯನ್ನು ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ, ಬೇಕಾದರೆ ಮಾತ್ರ ನೋಡಿ.

ಗೇಟಿನ ಒಳಗೆ ಮಣ್ಣಿನ ಇಳಿಜಾರು. ಮಳೆ ಬಂದಿದ್ದರೆ ಕಾರು ಇಳಿಸಬೇಡಿ, ಗೇಟಿನ ಹತ್ತಿರ ನಿಲ್ಲಿಸಲು ಜಾಗ ಇದೆ. ಅತ್ತೆಗೆ ನಡೆಯುವುದು ಕಷ್ಟವಾದರೆ ಜೀಪು ತರುತ್ತೇನೆ.

ಇತಿ ನಿಮ್ಮ ಪ್ರೀತಿಯ ಅಳಿಯ.

ಕಳಿಸುವ ಮೊದಲು

ಕಾಗದ ಹಾಕುವ ಮೊದಲು ಊರು ಗೊತ್ತಿಲ್ಲದ ಒಬ್ಬರ ಕೈಯಲ್ಲಿ ಕೊಟ್ಟು ನೋಡಬೇಕು. ಮನೆಯವರಿಂದ ಆ ಪರೀಕ್ಷೆ ಆಗುವುದಿಲ್ಲ, ಅವರು ಓದುವ ಮೊದಲೇ ತಿರುಗಿಸುತ್ತಾರೆ. ತಮ್ಮನ ಗೆಳೆಯ ಒಬ್ಬ ಪುತ್ತೂರಿನಿಂದ ಬಂದಿದ್ದ. ಅವನನ್ನು ನೀರ್ಚಾಲಿಗೆ ಕಳಿಸಿ, ಕಾಗದ ಮಾತ್ರ ನೋಡಿ ಬರಲು ಹೇಳಿದೆ. ಫೋನು ಜೇಬಿನಲ್ಲೇ ಇರಲಿ ಅಂದೆ.

ಕ್ರಾಸು ಸರಿಯಾಗಿ ಸಿಕ್ಕಿತು. ಆದರೆ ಗೇಟು ದಾಟಿ ಮುಂದೆ ಹೋದ. ಕೋರೆ ಕಂಡ ಮೇಲೆ ತಿರುಗಿ ಬಂದ. ಕಾರಣ ಕೇಳಿದೆ. ಅವನು ಬಂದದ್ದು ಬೆಳಿಗ್ಗೆ, ಗೇಟು ಒಳಗಡೆಗೆ ತೆರೆದಿತ್ತು. ತೆರೆದ ಗೇಟು ಮತ್ತಿಯ ಮರದ ಮರೆಯಲ್ಲಿ ಕಾಣುವುದೇ ಇಲ್ಲ. ನಾನು ಅಂಕಿ ತೆಗೆಯಲು ಹೋದಾಗ ಅದು ಹಾಕಿತ್ತು, ಹಾಗಾಗಿ ನನಗೆ ಹೊಳೆಯಲೇ ಇಲ್ಲ. ಸಿಮೆಂಟ್ ಕಟ್ಟೆ ಅವನಿಗೆ ಕಂಡಿತ್ತು, ಆದರೆ ಕಾಗದದಲ್ಲಿ ಮೊದಲು ಗೇಟು ಅಂತ ಇದ್ದದ್ದರಿಂದ ಗೇಟನ್ನೇ ಹುಡುಕುತ್ತಿದ್ದ.

ಸಾಲು ತಿದ್ದಿದೆ. ‘ಗದ್ದೆ ಮುಗಿದ ಕೂಡಲೇ ಬಲಕ್ಕೆ ಹಾಲಿನ ಪಾತ್ರೆ ಇಡುವ ಸಿಮೆಂಟ್ ಕಟ್ಟೆ. ಅದಕ್ಕೆ ತಾಗಿಯೇ ನಮ್ಮ ಗೇಟು, ತೆರೆದಿರಬಹುದು.’ ಕಟ್ಟೆಗೆ ಸುಣ್ಣವನ್ನೂ ಬಳಿದೆ, ಕಾರಿನ ದೀಪಕ್ಕೆ ಹೊಳೆಯಲಿ ಅಂತ. ಮರುದಿನ ಕಾಗದವನ್ನು ಹೊಸದಾಗಿ ಬರೆದು ಅಂಚೆಗೆ ಹಾಕಿದೆ, ಅದರ ಫೋಟೋವನ್ನು ಮಾವನ ಮೊಮ್ಮಗನಿಗೆ ಕಳಿಸಿದೆ.